ಮಂಗಲದ ದಿನದಿಂದ ಹಿಂದಕ್ಕೆ ಎಣಿಸಿ: ಕಲಂಗುಟಿನಲ್ಲಿ ತಪಸ್ಸುಕಾಲದ ಸಿದ್ಧತೆ

ಬುಧವಾರದ ಅಂಜುಣಾ ಸಂತೆ, ಶುಕ್ರವಾರದ ಮಾಪುಸಾ ಸಂತೆ, ಶನಿವಾರ ರಾತ್ರಿ ಅರ್ಪೋರಾದ ಬಜಾರು. ಕಲಂಗುಟಿನ ಸುತ್ತಮುತ್ತ ನೆಲೆಸಿರುವ ಕನ್ನಡದ ಮನೆಗಳಲ್ಲಿ ವಾರದ ಲೆಕ್ಕ ನಡೆಯುವುದು ಬಹುಮಟ್ಟಿಗೆ ಈ ಮೂರು ಹೆಸರುಗಳ ಮೇಲೆ. ಕಡಲದಂಡೆಯಲ್ಲಿ ಬಟ್ಟೆ, ಮಣಿಸರ ಮಾರುವವರು, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರು, ಗಾರೆ ಕೆಲಸದವರು ಎಲ್ಲರಿಗೂ ಅಕ್ಟೋಬರಿನಿಂದ ಮಾರ್ಚಿನವರೆಗಿನ ಕಾಲವೇ ಗಳಿಕೆಯ ಕಾಲ. ಕ್ರೈಸ್ತರ ತಪಸ್ಸುಕಾಲ ಬಂದು ಕೂಡುವುದೂ ಈ ಗಳಿಕೆಯ ಕೊನೆಯ ವಾರಗಳಲ್ಲಿಯೇ. ಮಕ್ಕಳ ಪರೀಕ್ಷೆಗಳ ಸಿದ್ಧತೆಯೂ ಅದೇ ವೇಳೆಗೆ. ಉಪವಾಸ, ದಿನಕ್ಕೊಂದು ಚಿಕ್ಕ ಪಾರಾಯಣ, ವಾರದ ನಡುವೆ ಒಂದು ಕೂಟ ಎಂಬ ಮೂರು ನೇಮಗಳನ್ನು ಉತ್ಸಾಹದಿಂದ ಹಿಡಿದ ಮನೆಗಳು ಎರಡನೆಯ ವಾರದಲ್ಲಿ ಕೈಬಿಡುವುದುಂಟು. ಭಕ್ತಿ ಕುಂದಿತೆಂದು ಅವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹಲವು ವೇಳೆ ಕುಂದಿರುವುದು ಭಕ್ತಿಯಲ್ಲ; ಮೊದಲು ಹಾಕಿದ ಲೆಕ್ಕವೇ ತಪ್ಪಿರುತ್ತದೆ.

ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕೆಂಬುದನ್ನು ಉತ್ತರ ಕರ್ನಾಟಕದ ಯಾವ ಮನೆಗೂ ಹೊಸದಾಗಿ ಹೇಳಬೇಕಾಗಿಲ್ಲ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುವಾಗ ಮೊದಲು ಗೊತ್ತುಮಾಡುವುದು ಮಂಗಲದ ದಿನವನ್ನು. ಆ ದಿನದಿಂದ ಹಿಂದಕ್ಕೆ ಎಣಿಸಿ ದಿನದಿನದ ಪಾಲನ್ನು ಹಂಚಿದರೆ ಕಥೆಯೂ ಕಾಲವೂ ಒಟ್ಟಿಗೆ ಮುಗಿಯುತ್ತವೆ. ತಪಸ್ಸುಕಾಲದ ಮಂಗಲವೆಂದರೆ ಯೇಸುವಿನ ಪುನರುತ್ಥಾನದ ಹಬ್ಬವಾದ ಈಸ್ಟರ್. ಮಾರ್ಚ್ 21ರಂದು ಅಥವಾ ಅದರ ತರುವಾಯ ಬರುವ ಹುಣ್ಣಿಮೆಯ ಮುಂದಿನ ಭಾನುವಾರ ಅದು. 2027ರಲ್ಲಿ ಆ ಹುಣ್ಣಿಮೆ ಮಾರ್ಚ್ 22, ಸೋಮವಾರ. ಆದುದರಿಂದ ಹಬ್ಬ ಮಾರ್ಚ್ 28. ಅಲ್ಲಿಂದ 46 ದಿನ ಹಿಂದಕ್ಕೆ ಹೋದರೆ ಫೆಬ್ರವರಿ 10, ವಿಭೂತಿ ಬುಧವಾರ. ಹಣೆಗೆ ಬೂದಿಯಿಟ್ಟುಕೊಂಡು ಕಾಲವನ್ನು ಆರಂಭಿಸುವ ದಿನ. ನಡುವೆ ಬರುವ ಆರು ಭಾನುವಾರಗಳು ಉಪವಾಸದ ಎಣಿಕೆಗೆ ಸೇರುವುದಿಲ್ಲ, ಏಕೆಂದರೆ ಪ್ರತಿ ಭಾನುವಾರವೂ ಪುನರುತ್ಥಾನದ ಸ್ಮರಣೆಯೇ. ಉಳಿದವು 40 ದಿನ.

ಗೋವೆಯ ಕೊಂಕಣಿಯಲ್ಲಿ ಈ ಕಾಲಕ್ಕೆ ಕೊರೇಜ್ಮ್ ಎಂದು ಹೆಸರು. ಅದರ ಹಿಂದಿನ ಶನಿವಾರದಿಂದ ಮಂಗಳವಾರದವರೆಗೆ ನಾಲ್ಕು ದಿನ ಕಾರ್ನಿವಲ್, ಊರಿನವರ ಮಾತಿನಲ್ಲಿ ಇಂತ್ರೂಜ್. ಬೀದಿಯ ಕುಣಿತ ಮುಗಿದ ಮರುಬೆಳಗೇ ಬೂದಿ! ಕಲಂಗುಟಿನ ಸಂತ ಅಲೆಕ್ಸರ ಚರ್ಚಿನಂತಹ ಕಥೋಲಿಕ ದೇವಾಲಯಗಳಲ್ಲಿ ಶುಕ್ರವಾರ ಶಿಲುಬೆಯ ಹಾದಿಯ ಪ್ರಾರ್ಥನೆ ನಡೆಯುತ್ತದೆ. ಆದರೆ ಅಲ್ಲಿ ಕೇಳುವ ಮಾತು ಕೊಂಕಣಿ ಇಲ್ಲವೇ ಇಂಗ್ಲಿಷು. ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್ನಿನ ಕಾಲದಿಂದ ಬೇರೂರಿದ ಕನ್ನಡ ಸಭೆಗಳ ಮನೆತನದವರಿಗೆ ಆ ಮಾತುಗಳಲ್ಲಿ ಹಬ್ಬ ಕಾಣುತ್ತದೆ, ಆದರೆ ಕಥೆ ಕಿವಿಗೆ ಇಳಿಯುವುದಿಲ್ಲ. ಶಾಲೆಯಲ್ಲಿ ಕನ್ನಡ ಓದುವ ಮಗು ಮನೆಯಲ್ಲಿ ಅದೇ ಅಕ್ಷರಗಳಲ್ಲಿ ದಿನವೂ ಗಟ್ಟಿಯಾಗಿ ಓದಲು ಒಂದು ಸಂದರ್ಭ ಸಿಗುವುದು ಇಲ್ಲಿ. ಹೀಗಾಗಿ ದಿನದ ಪಾರಾಯಣವೇ ಈ ಯೋಜನೆಯ ಬೆನ್ನೆಲುಬು. ಉಳಿದೆರಡು ನೇಮಗಳು ಅದಕ್ಕೆ ಆತುಕೊಂಡವು.

ಪಾರಾಯಣಕ್ಕೆ ಯಾವ ಗ್ರಂಥಭಾಗ? ಅಲ್ಲೊಂದು ವಚನ ಇಲ್ಲೊಂದು ವಚನವೆಂದು ಆಯ್ದುಕೊಟ್ಟ ಪಟ್ಟಿಗಳು ದೊರೆಯುತ್ತವೆ. ಮಕ್ಕಳಿಗೆ ಅವು ಹಿಡಿಸುವುದಿಲ್ಲ, ನಿನ್ನೆಯದಕ್ಕೂ ಇಂದಿನದಕ್ಕೂ ಕೊಂಡಿಯಿರುವುದಿಲ್ಲ. ಒಂದೇ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಲೇಸು, ಮತ್ತು ಆ ಪುಸ್ತಕ ಮಾರ್ಕನ ಸುವಾರ್ತೆಯಾಗಿರುವುದು ಇನ್ನೂ ಲೇಸು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು: 16 ಅಧ್ಯಾಯ, ಸುಮಾರು 670 ವಚನ. ವಾಕ್ಯಗಳು ಗಿಡ್ಡ, ಘಟನೆಗಳು ಬೇಗಬೇಗ ಸಾಗುತ್ತವೆ. ಇನ್ನೊಂದು ಕಾರಣವಿದೆ. ಮಾರ್ಕನು ಯೇಸುವಿನ ಕೊನೆಯ ವಾರವನ್ನು ದಿನ ದಿನವಾಗಿ ಬಿಡಿಸಿ ಹೇಳಿದ್ದಾನೆ. ಯೆರೂಸಲೇಮಿನ ಪ್ರವೇಶ, ಮರುದಿನ ದೇವಾಲಯದ ಅಂಗಳದಲ್ಲಿ ವ್ಯಾಪಾರಿಗಳನ್ನು ಹೊರಗಟ್ಟಿದ್ದು, ಮತ್ತೆ ಮುಂಜಾನೆಯಾಯಿತು, ಹಬ್ಬಕ್ಕೆ ಎರಡು ದಿನವಿತ್ತು ಎಂಬಂತಹ ಕಾಲಸೂಚನೆಗಳು 11ನೆಯ ಅಧ್ಯಾಯದಿಂದ ಮುಂದೆ ಸಾಲಾಗಿ ಬರುತ್ತವೆ. ಕೊನೆಯ ಆರು ಅಧ್ಯಾಯಗಳನ್ನು ಪವಿತ್ರ ವಾರಕ್ಕೇ ಮೀಸಲಿಟ್ಟರೆ ಪುಸ್ತಕದ ದಿನವೂ ಗೋಡೆಯ ಕ್ಯಾಲೆಂಡರಿನ ದಿನವೂ ಒಂದೇ ಆಗುತ್ತವೆ.

ಹಾಗೆ ಮೀಸಲಿಟ್ಟ ಮೇಲೆ ಮೊದಲ ಹತ್ತು ಅಧ್ಯಾಯಗಳು ಉಳಿಯುತ್ತವೆ. ಅವುಗಳಲ್ಲಿ ಸುಮಾರು 425 ವಚನಗಳು. ವಿಭೂತಿ ಬುಧವಾರದಿಂದ ಗರಿಗಳ ಭಾನುವಾರದ ಮುನ್ನಾದಿನವಾದ ಮಾರ್ಚ್ 20ರವರೆಗೆ ಭಾನುವಾರ ಬಿಟ್ಟು 34 ದಿನ. ಅಂದರೆ ದಿನಕ್ಕೆ ಹನ್ನೆರಡು ಹದಿಮೂರು ವಚನ. ಐದನೆಯ ತರಗತಿಯ ಮಗು ತಡವರಿಸಿಕೊಂಡು ಓದಿದರೂ ಐದು ನಿಮಿಷದಲ್ಲಿ ಮುಗಿಯುವಷ್ಟು. ಆದರೆ ಹದಿಮೂರು ಬಂತೆಂದು ಕಥೆಯನ್ನು ನಡುವೆ ಕತ್ತರಿಸುವುದು ಸಲ್ಲದು. ಒಂದು ಘಟನೆ ಐದೇ ವಚನದಲ್ಲಿ ಮುಗಿದರೆ ಅಂದಿಗೆ ಅಷ್ಟೇ. ಇನ್ನೊಂದು ದಿನ ಇಪ್ಪತ್ತಾಗಲಿ. ಎಚ್ಚರ ಬೇಕಾದದ್ದು ವಾರದ ಮೊತ್ತದಲ್ಲಿ ಮಾತ್ರ, ವಾರಕ್ಕೆ ಎಪ್ಪತ್ತರ ಆಸುಪಾಸು.

ಮೊದಲ ದಿನಗಳನ್ನು ಹೀಗೆ ಹಂಚಬಹುದು. ಫೆಬ್ರವರಿ 10ರ ಬುಧವಾರ ಮೊದಲ ಅಧ್ಯಾಯದ 1ರಿಂದ 13, ದೀಕ್ಷಾಸ್ನಾನ ಮತ್ತು ಅರಣ್ಯದ 40 ದಿನ. ಗುರುವಾರ 14ರಿಂದ 28, ಶುಕ್ರವಾರ ಅಧ್ಯಾಯದ ಕೊನೆಯವರೆಗೆ. ಶನಿವಾರ ಎರಡನೆಯ ಅಧ್ಯಾಯದ ಮೊದಲ 12 ವಚನ. ಮಾಳಿಗೆಯ ಹೊದಿಕೆ ಬಿಚ್ಚಿ ರೋಗಿಯನ್ನು ಹಾಸಿಗೆಸಹಿತ ಇಳಿಸುವ ಕಥೆ, ಮಕ್ಕಳಿಗೆ ಬಹಳ ಪ್ರಿಯ. ಭಾನುವಾರ ಬಿಡುವು. ಮುಂದಿನ ಸೋಮವಾರ ಸುಂಕದ ಲೇವಿಯ ಮನೆಯ ಊಟ, ಐದೇ ವಚನ. ಮಂಗಳವಾರ, ಅಂದರೆ 16ರಂದು, ನಿಮ್ಮ ಶಿಷ್ಯರು ಏಕೆ ಉಪವಾಸ ಮಾಡುವುದಿಲ್ಲವೆಂದು ಜನರು ಯೇಸುವನ್ನು ಕೇಳುವ ಭಾಗ ಬರುತ್ತದೆ. ಉಪವಾಸದ ಕುರಿತು ಮನೆಮಂದಿ ಕುಳಿತು ಮಾತಾಡಲು ಇದಕ್ಕಿಂತ ತಕ್ಕ ದಿನವಿಲ್ಲ. ವಾರಾಂತ್ಯಕ್ಕೆ ಬಿತ್ತುವವನ ಸಾಮ್ಯದವರೆಗೆ, ನಾಲ್ಕನೆಯ ಅಧ್ಯಾಯದ 20ನೆಯ ವಚನಕ್ಕೆ ತಲಪಿದರೆ ಸಾಕು.

ಮುಂದಿನ ನಿಲ್ದಾಣಗಳು ಇಷ್ಟು: ಫೆಬ್ರವರಿ 27ರ ಶನಿವಾರಕ್ಕೆ ಆರನೆಯ ಅಧ್ಯಾಯದ 13, ಮಾರ್ಚ್ 6ಕ್ಕೆ ಏಳನೆಯ ಅಧ್ಯಾಯದ ಮುಕ್ತಾಯ, ಮಾರ್ಚ್ 13ಕ್ಕೆ ಒಂಬತ್ತರ 32, ಮಾರ್ಚ್ 20ಕ್ಕೆ ಹತ್ತರ ಕೊನೆ. ಮಾರ್ಚ್ 15ರ ಸೋಮವಾರ ಹಳೆಯ ಗೋವೆಯಲ್ಲಲ್ಲ, ಗೋವಾ ವೇಲ್ಯಾದಲ್ಲಿ ಸಂತರ ಮೆರವಣಿಗೆ ನಡೆಯುವ ದಿನ, ತಪಸ್ಸುಕಾಲದ ಐದನೆಯ ಭಾನುವಾರದ ಮರುದಿನ. ನೋಡಲು ಹೋಗುವ ಮನೆಗಳಿದ್ದರೆ ಅಂದಿಗೆ ಒಂಬತ್ತರ 33ರಿಂದ 37 ಎಂಬ ಪುಟ್ಟ ಭಾಗ ಹೊಂದುತ್ತದೆ, ತಮ್ಮಲ್ಲಿ ದೊಡ್ಡವನಾರೆಂದು ಶಿಷ್ಯರು ವಾದಿಸಿದಾಗ ಯೇಸು ಒಂದು ಮಗುವನ್ನು ನಡುವೆ ನಿಲ್ಲಿಸಿದ ಪ್ರಸಂಗ.

ಓದುವ ಪ್ರತಿಯ ವಿಷಯದಲ್ಲಿ ಒಂದು ಸಣ್ಣ ತೊಡಕಿದೆ. ಕನ್ನಡ ಬೈಬಲಿನ ಹಳೆಯ ಅನುವಾದ ಒಂದು ಮನೆಯಲ್ಲಿ, ಈಚಿನ ಅನುವಾದ ಇನ್ನೊಂದರಲ್ಲಿ ಇರುತ್ತದೆ. ಒಂದರಲ್ಲಿ ಸುವಾರ್ತೆ, ಇನ್ನೊಂದರಲ್ಲಿ ಶುಭಸಂದೇಶ. ಮನೆಯ ಓದಿಗೆ ಯಾವುದಾದರೂ ನಡೆಯುತ್ತದೆ. ಕೂಟದಲ್ಲಿ ಒಟ್ಟಾಗಿ ಓದುವಾಗ ಮಾತ್ರ ಒಂದೇ ಅನುವಾದ ಇರಬೇಕು, ಇಲ್ಲವಾದರೆ ಮಕ್ಕಳು ಸಾಲು ಹುಡುಕುವುದರಲ್ಲೇ ಕಳೆದುಹೋಗುತ್ತಾರೆ. ಅಧ್ಯಾಯ, ವಚನಗಳ ಸಂಖ್ಯೆ ಎರಡರಲ್ಲೂ ಹೊಂದುತ್ತದೆ. ಒಂಬತ್ತನೆಯ ಅಧ್ಯಾಯದ 44 ಮತ್ತು 46ನೆಯ ವಚನಗಳು ಕೆಲವು ಮುದ್ರಣಗಳಲ್ಲಿ ಕಾಣುವುದಿಲ್ಲ. ಪುಟ ಹರಿದಿದೆಯೆಂದು ಮಗು ಗಾಬರಿಯಾಗಬೇಕಿಲ್ಲ. ಹಳೆಯ ಹಸ್ತಪ್ರತಿಗಳಲ್ಲಿ ಅವು ಇಲ್ಲವೆಂದು ಬಿಡಲಾಗಿದೆ.

ತಪ್ಪಿಹೋದ ದಿನಗಳನ್ನು ಏನು ಮಾಡುವುದೆಂಬುದು ಇಡೀ ಯೋಜನೆಯ ಮರ್ಮಸ್ಥಾನ. ಮೂರು ದಿನ ತಪ್ಪಿದರೆ ನಾಲ್ಕನೆಯ ದಿನ ನಾಲ್ಕು ಪಾಲು ಓದಿಸುವ ತಂದೆತಾಯಿಯರಿದ್ದಾರೆ. ಐದನೆಯ ದಿನ ಆ ಮಗು ಪುಸ್ತಕ ಕಂಡರೆ ಓಡುತ್ತದೆ. ಬಿಟ್ಟದ್ದನ್ನು ಬಿಟ್ಟು, ಇಂದಿನ ತಾರೀಖಿನ ಪಾಲನ್ನೇ ಓದಬೇಕು. ಭಾನುವಾರ ಬಿಡುವಿರುವುದರಿಂದ ವಾರದಲ್ಲಿ ತಪ್ಪಿದ್ದರಲ್ಲಿ ಯಾವುದಾದರೂ ಒಂದನ್ನು ಅಂದು ಓದಿಕೊಳ್ಳಬಹುದು, ಒಂದನ್ನು ಮಾತ್ರ. ಪರೀಕ್ಷೆಯ ದಿನಗಳಲ್ಲಿ ದೊಡ್ಡವರು ಓದಿ ಮಗು ಕೇಳಿಸಿಕೊಂಡರೂ ಪಾಲು ಸಂದಂತೆಯೇ. ಹೋಟೆಲಿನಲ್ಲಿ ರಾತ್ರಿ ಪಾಳಿಯಲ್ಲಿರುವ ತಂದೆಗೆ ಮಗುವಿನ ಓದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಕಳುಹಿಸುವ ಮನೆಯಾದರೆ ಆ ಓದಿಗೆ ಕೇಳುಗನೂ ದೊರೆತಂತಾಯಿತು.

ಇನ್ನು ವಾರದ ನಡುವಿನ ಕೂಟ. ಎಂಟು ಮನೆಗಳು, ಮಕ್ಕಳು ಸೇರಿ ಇಪ್ಪತ್ತೈದು ಜನ ಎಂದು ಭಾವಿಸಬಹುದು. ಲೆಂಟಿನ ನಡುವಾರದ ಪ್ರಾರ್ಥನೆಗೆ ಬುಧವಾರವನ್ನು ಆರಿಸಿಕೊಳ್ಳುವುದು ಅನೇಕ ದೇಶಗಳ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ರೂಢಿ. ಕಲಂಗುಟಿನಲ್ಲಿ ಅದನ್ನೇ ಹಿಡಿದರೆ ಅಂಜುಣಾ ಸಂತೆಗೆ ಹೋಗುವ ಮನೆಗಳು ಏಳು ವಾರವೂ ಹೊರಗುಳಿಯುತ್ತವೆ. ಸೂರ್ಯ ಮುಳುಗುವ ತನಕ ಅಲ್ಲಿ ವ್ಯಾಪಾರ. ಶುಕ್ರವಾರ ಮಾಪುಸಾ ಸಂತೆ ಒಂದೆಡೆ, ಚರ್ಚಿನ ಶಿಲುಬೆಯ ಹಾದಿ ಇನ್ನೊಂದೆಡೆ. ಮಂಗಳವಾರ ನಡೆದೀತು. ಗುರುವಾರ ಮೇಲು, ಏಕೆಂದರೆ ಫೆಬ್ರವರಿ 11ರಂದು ಆರಂಭಿಸಿದರೆ ಏಳನೆಯ ಕೂಟ ಮಾರ್ಚ್ 25ರ ಪವಿತ್ರ ಗುರುವಾರಕ್ಕೇ ಬಂದು ನಿಲ್ಲುತ್ತದೆ.

ವೇಳೆಯ ಪ್ರಶ್ನೆ ಇನ್ನೂ ಕಠಿಣ. ರಾತ್ರಿ ಎಂಟೂವರೆ ಎಂದರೆ ಹೋಟೆಲಿನವರಿಲ್ಲ, ಚಿಕ್ಕ ಮಕ್ಕಳು ತೂಕಡಿಸುತ್ತಾರೆ. ಸಂಜೆ ಆರು ಎಂದರೆ ಕಡಲದಂಡೆಯ ವ್ಯಾಪಾರಿಗಳಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದು ರಾತ್ರಿಯ ಸಿದ್ಧತೆ ಆರಂಭವಾಗುವ ನಡುವೆ ಅಡುಗೆಯವರಿಗೂ ಬಡಿಸುವವರಿಗೂ ಬಿಡುವು ಸಿಗುವುದುಂಟು. ಗೋವೆಯ ಶಾಲೆಗಳು ಸಾಮಾನ್ಯವಾಗಿ ಮಧ್ಯಾಹ್ನವೇ ಬಿಡುತ್ತವೆ. ಹೀಗಾಗಿ ನಾಲ್ಕು ಗಂಟೆ. ಗಾರೆ ಕೆಲಸದವರಿಗೆ ಅದು ಆಗುವುದಿಲ್ಲವೆಂಬುದು ನಿಜ. ಎಲ್ಲರಿಗೂ ಒಪ್ಪುವ ವೇಳೆ ಇಂತಹ ಊರಿನಲ್ಲಿ ಇಲ್ಲವೇ ಇಲ್ಲ. ಪ್ರತಿ ಮನೆಯಿಂದ ಮಕ್ಕಳೊಡನೆ ಒಬ್ಬ ಹಿರಿಯರಾದರೂ ಬರಬಲ್ಲ ವೇಳೆಯನ್ನು ಹಿಡಿದು, ಮುಂದೆ ಅದನ್ನು ಬದಲಿಸದಿರುವುದೇ ಉಳಿದ ದಾರಿ. ಎರಡು ಸಲ ವೇಳೆ ಬದಲಿಸಿದ ಕೂಟಕ್ಕೆ ಮೂರನೆಯ ಸಲ ಜನ ಬರುವುದಿಲ್ಲ.

ಕೂಟದ ಅವಧಿ ಮುಕ್ಕಾಲು ಗಂಟೆ. ಒಂದು ಕೀರ್ತನೆ ಹಾಡಿ, ಆ ವಾರ ಓದಿದ ಭಾಗಗಳಲ್ಲಿ ಒಂದನ್ನು ಮಕ್ಕಳು ಸರದಿಯಲ್ಲಿ ಮತ್ತೆ ಗಟ್ಟಿಯಾಗಿ ಓದುತ್ತಾರೆ. ಎರಡು ನಿಮಿಷ ಮೌನ. ಮೊದಲ ಸಲ ಮಕ್ಕಳು ಕಿಸಕ್ಕನೆ ನಗುತ್ತಾರೆ, ಮೂರನೆಯ ವಾರಕ್ಕೆ ರೂಢಿಯಾಗುತ್ತದೆ. ಬಳಿಕ ಒಂದೇ ಪ್ರಶ್ನೆ: ಈ ವಾರದ ಕಥೆಯಲ್ಲಿ ಯಾರ ಜಾಗದಲ್ಲಿ ನಿಂತು ನೋಡಿದಿರಿ? ಮಾಳಿಗೆ ಬಿಚ್ಚಿದ ನಾಲ್ವರೋ, ಕೆಳಗೆ ಕುಳಿತು ಗೊಣಗಿದವರೋ, ಮನೆಯ ಒಡೆಯನೋ? ಉತ್ತರ ಹೇಳುವವರು ಹೇಳಲಿ, ಸುಮ್ಮನಿರುವವರನ್ನು ಕೆಣಕಬಾರದು. ಕೂಟ ಹಾಳಾಗುವ ಬಗೆ ಒಂದೇ: ಯಾರಾದರೊಬ್ಬ ಹಿರಿಯರು ಪ್ರವಚನಕ್ಕೆ ತೊಡಗುವುದು. ಮುಕ್ಕಾಲು ಗಂಟೆ ಒಂದೂಕಾಲು ಗಂಟೆಯಾಗುತ್ತದೆ, ಅಡುಗೆಯವನು ಗಡಿಯಾರ ನೋಡುತ್ತಾನೆ, ಮುಂದಿನ ವಾರ ಬರುವುದಿಲ್ಲ. ಆದುದರಿಂದ ನಡೆಸುವ ಹೊಣೆಯನ್ನು ವಾರಕ್ಕೊಂದು ಮನೆಗೆ ಹಂಚಿ, ಗಡಿಯಾರವನ್ನು ಒಬ್ಬ ದೊಡ್ಡ ಮಗುವಿನ ಕೈಗೆ ಕೊಡುವುದು ವಿವೇಕ. ಮಗುವಿನ ಮಾತಿಗೆ ಯಾವ ಹಿರಿಯರೂ ಸಿಡುಕುವುದಿಲ್ಲ.

ಕೊನೆಗೆ ಗಂಜಿ. ಗೋವೆಯವರ ಪೇಜ್, ನಮ್ಮ ಕಡೆಯ ನುಚ್ಚಿನ ಗಂಜಿ, ಎರಡೂ ಒಂದೇ ಕುಲ. ಇಪ್ಪತ್ತೈದು ಜನಕ್ಕೆ ಒಂದೂಮುಕ್ಕಾಲು ಕಿಲೋ ನುಚ್ಚಕ್ಕಿ, ಸುಮಾರು 14 ಲೀಟರ್ ನೀರು, ಉಪ್ಪು, ಜೊತೆಗೆ ಉಪ್ಪಿನಕಾಯಿ. ಇದಕ್ಕಿಂತ ಹೆಚ್ಚಿನದನ್ನು ಯಾವ ಮನೆಯೂ ಮಾಡಬಾರದೆಂದು ಮೊದಲ ಕೂಟದಲ್ಲೇ ಕಟ್ಟು ಹಾಕಬೇಕು. ಒಂದು ಮನೆಯವರು ಪ್ರೀತಿಯಿಂದ ಪಲ್ಯ ಮಾಡಿದರೆ ಮುಂದಿನವರು ಸಿಹಿ ಮಾಡುತ್ತಾರೆ, ಆಮೇಲಿನ ಮನೆಯಾಕೆ ಸಾಲ ಮಾಡಿ ಪಾಯಸ ಕಾಯಿಸುತ್ತಾಳೆ. ಉಪವಾಸದ ಕೂಟ ಔತಣದ ಪೈಪೋಟಿಯಾಗಲು ಮೂರೇ ವಾರ ಸಾಕು.

ಉಪವಾಸದ ವಿಷಯದಲ್ಲಿ ಸಂಪ್ರದಾಯಗಳು ಬೇರೆಬೇರೆ. ಕಥೋಲಿಕ ಸಭೆಯ ವಿಧಿಯಲ್ಲಿ ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಒಂದು ಪೂರ್ಣ ಊಟ. ಇನ್ನೆರಡು ವೇಳೆ ಅಲ್ಪ ಆಹಾರ, ಆ ಎರಡೂ ಕೂಡಿದರೆ ಒಂದು ಊಟಕ್ಕೆ ಸಮನಾಗಬಾರದು. ಇದು 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಮಾಂಸ ತ್ಯಜಿಸುವ ನಿಯಮ 14 ತುಂಬಿದವರಿಗೆ. ಪ್ರಾಟೆಸ್ಟೆಂಟ್ ಮನೆಗಳಲ್ಲಿ ಇಂತಹ ಕಟ್ಟಳೆ ಇಲ್ಲ, ಅವರವರ ಮನಸ್ಸಿನ ನಿರ್ಧಾರ. ಎರಡರ ಪ್ರಕಾರವೂ ಶಾಲೆಯ ಚಿಕ್ಕ ಮಗು ಹಸಿದಿರಬೇಕಾದ ಅಗತ್ಯವಿಲ್ಲ. ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಡಕೂಡದು. ಮಾರ್ಚಿನ ಬಿಸಿಲಿನಲ್ಲಿ ಗಾರೆ ಹೊರುವವರು ನೀರನ್ನಂತೂ ಬಿಡಲೇಕೂಡದು. ಕೈ ನಡುಗಿ ತಣ್ಣನೆಯ ಬೆವರು ಬಂದರೆ, ಕಣ್ಣು ಕತ್ತಲೆಗಟ್ಟಿದರೆ ಆ ದಿನದ ಉಪವಾಸ ಅಲ್ಲಿಗೆ ಮುಗಿಯಿತು. ಕೂಡಲೇ ಸಕ್ಕರೆ ಕರಗಿಸಿದ ನೀರನ್ನೋ ಬೆಲ್ಲವನ್ನೋ ಕೊಡಬೇಕು.

ಮಾಂಸ ವರ್ಜ್ಯದ ದಿನವೂ ಮೀನು ತಿನ್ನಬಹುದೆಂಬುದು ಹಳೆಯ ವಿಧಿ. ಕಲಂಗುಟಿನಂತಹ ಕಡಲೂರಿನಲ್ಲಿ ಇದರಿಂದ ಯಾರಿಗೂ ಏನೂ ಕಡಿಮೆಯಾಗುವುದಿಲ್ಲ. ಬಂಗಡೆಯ ಹುಮಣ್ ಉಂಡು ವ್ರತವಾಯಿತೆಂದರೆ ಮಕ್ಕಳೇ ನಕ್ಕಾರು. ಶುಕ್ರವಾರದ ಮೀನನ್ನೇ ಬಿಟ್ಟು, ಅದಕ್ಕೆ ತಗಲುತ್ತಿದ್ದ ದುಡ್ಡನ್ನು ಡಬ್ಬಿಗೆ ಹಾಕುವುದು ಇಲ್ಲಿ ಹೆಚ್ಚು ಅರ್ಥವುಳ್ಳ ತ್ಯಾಗ. ಈ ಕಾಲದಲ್ಲಿ ಶುಕ್ರವಾರಗಳು ಏಳು. ಮನೆಗೆ 150 ರೂಪಾಯಿಯಂತೆ ಹಿಡಿದರೆ 1,050, ಎಂಟು ಮನೆಗೆ 8,400. ಆ ಹಣ ಯಾರಿಗೆ ಎಂಬುದನ್ನು ಮೊದಲ ಗುರುವಾರವೇ ನಿಶ್ಚಯಿಸಬೇಕು; ಡಬ್ಬಿ ತುಂಬಿದ ಮೇಲೆ ಚರ್ಚಿಸಿದರೆ ಮನಸ್ತಾಪ ಖಚಿತ. ಬಾಡಿಗೆ ಕಟ್ಟಲಾಗದ ನೆರೆಮನೆ, ಊರಿಗೆ ಹೆಣ ಸಾಗಿಸಲು ಕಷ್ಟಪಟ್ಟ ಕುಟುಂಬ, ಶಾಲೆಯ ಶುಲ್ಕ ಬಾಕಿಯಿರುವ ಮಗು, ಹೊರನಾಡಿನ ಕನ್ನಡ ಕೇರಿಗಳಲ್ಲಿ ಇಂತಹವರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. 2027ರಲ್ಲಿ ರಂಜಾನ್ ತಿಂಗಳೂ ಚಂದ್ರದರ್ಶನಕ್ಕೆ ಅನುಗುಣವಾಗಿ ಫೆಬ್ರವರಿ ಎರಡನೆಯ ವಾರದ ಹೊತ್ತಿಗೇ ಆರಂಭವಾಗುತ್ತದೆ. ಮಾರ್ಚ್ ಮೊದಲ ವಾರದಲ್ಲಿ ಮಹಾಶಿವರಾತ್ರಿ. ಒಂದೇ ಚಾಳಿನ ಮೂರು ಮನೆಗಳಲ್ಲಿ ಮೂರು ಬಗೆಯ ಉಪವಾಸ ನಡೆಯುವ ವರ್ಷ ಅದು. ಗುರುವಾರದ ಗಂಜಿಯನ್ನು ನೆರೆಯವರಿಗೆ ಕಳುಹಿಸುವಾಗ ವೇಳೆ ನೋಡಿ ಕಳುಹಿಸಬೇಕಾದೀತು.

ಪವಿತ್ರ ವಾರ ಬಂದಾಗ ಪಾಲಿನ ಅಳತೆ ಬದಲಾಗುತ್ತದೆ. ಭಾನುವಾರಗಳಲ್ಲಿ ಗರಿಗಳ ಭಾನುವಾರಕ್ಕೆ ಮಾತ್ರ ಪಾಲುಂಟು: ಮಾರ್ಚ್ 21ರಂದು 11ನೆಯ ಅಧ್ಯಾಯದ ಮೊದಲ 11 ವಚನ. ಸೋಮವಾರ 12ರಿಂದ 19. ಮಾರ್ಕನ ಮಂಗಳವಾರ ಬಲು ಉದ್ದ, ತೊಂಬತ್ತಕ್ಕೂ ಹೆಚ್ಚು ವಚನ. ಮಕ್ಕಳಿಗೆ 12ನೆಯ ಅಧ್ಯಾಯದ 28ರಿಂದ 44 ಸಾಕು, ಕಾಣಿಕೆಯ ಪೆಟ್ಟಿಗೆಗೆ ಎರಡು ಕಾಸು ಹಾಕಿದ ವಿಧವೆಯ ಕಥೆ ಅಲ್ಲಿ ಬರುತ್ತದೆ. ಉಳಿದದ್ದನ್ನು ಹಿರಿಯರು ತಾವೇ ಓದಿಕೊಳ್ಳಲಿ. ಬುಧವಾರ 14ನೆಯ ಅಧ್ಯಾಯದ 1ರಿಂದ 11. ಗುರುವಾರ ಬೆಳಿಗ್ಗೆ ಮನೆಯಲ್ಲಿ 31ರವರೆಗೆ, ಅದು ಕಡೆಯ ಊಟ. ನಾಲ್ಕು ಗಂಟೆಯ ಕೂಟದಲ್ಲಿ ಅಧ್ಯಾಯದ ಕೊನೆಯವರೆಗೆ, ಕೋಳಿ ಕೂಗಿ ಪೇತ್ರನು ಅಳುವ ತನಕ. ಅಂದೇ ಡಬ್ಬಿ ಒಡೆದು ಎಣಿಸಿದರೆ ಸಂಜೆಯ ಚರ್ಚಿಗೆ ಹೋಗುವವರಿಗೂ ವೇಳೆ ಉಳಿಯುತ್ತದೆ.

ಶುಭ ಶುಕ್ರವಾರ ಮಾರ್ಕನೇ ಗಂಟೆಗಳನ್ನು ಕೊಟ್ಟಿದ್ದಾನೆ. ಆ ಕಾಲದ ಎಣಿಕೆಯ ಮೂರನೆಯ ಗಂಟೆ ಎಂದರೆ ಈಗಿನ ಬೆಳಗಿನ ಒಂಬತ್ತು, ಆರನೆಯದು ಹನ್ನೆರಡು, ಒಂಬತ್ತನೆಯದು ಮಧ್ಯಾಹ್ನ ಮೂರು. 15ನೆಯ ಅಧ್ಯಾಯವನ್ನು ಆ ಗಂಟೆಗಳಿಗೇ ಒಡೆದು ಓದಬಹುದು: ಒಂಬತ್ತಕ್ಕೆ 32ನೆಯ ವಚನದವರೆಗೆ, ಹನ್ನೆರಡಕ್ಕೆ 33 ಒಂದೇ, ಮೂರಕ್ಕೆ 34ರಿಂದ 41. ಕೆಲಸದ ಮೇಲಿರುವವರೂ ಹನ್ನೆರಡು ಗಂಟೆಯ ಆ ಒಂದು ವಚನವನ್ನು ನಿಂತಲ್ಲೇ ನೆನೆದುಕೊಳ್ಳಬಲ್ಲರು. ಸಂಜೆ ದೀಪ ಹಚ್ಚುವ ಮುನ್ನ ಸಮಾಧಿಯ ಆರು ವಚನ.

ಮಾರ್ಚ್ 27ರ ಶನಿವಾರಕ್ಕೆ ಪಾಲಿಲ್ಲ. ಶುಕ್ರವಾರ ಸಂಜೆ ಕಲ್ಲು ಉರುಳಿಸಿ ಮುಚ್ಚಿದ ಮೇಲೆ ಮಾರ್ಕನು ಮತ್ತೆ ಮಾತೆತ್ತುವುದು ಸಬ್ಬತ್ ಕಳೆದ ಬಳಿಕವೇ. ನಡುವಿನ ದಿನದ ಕುರಿತು ಅವನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮಗು ದಿನವೂ ಗುರುತು ಹಾಕುತ್ತ ಬಂದ ನೋಟುಪುಸ್ತಕದಲ್ಲಿ ಆ ತಾರೀಖಿನ ಎದುರು ಖಾಲಿ ಗೆರೆ ಎಳೆದಿಡಬೇಕು. ಅದರ ಕೆಳಗೆ ಭಾನುವಾರ, 16ನೆಯ ಅಧ್ಯಾಯ, 1ರಿಂದ 8.